ಹಾಡಿನ ಬಿಡುಗಡೆ, ಸರಿಯಾದ ದಿನಾಂಕ, ಬೇರೆಯವರ ಜೊತೆ ಕಲೆತುಹೋದ ಪ್ರೊಫೈಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಬಲ್ ಇಲ್ಲದೆ, ತಾವೇ ಹಾಡು ಮಾಡಿ, ತಾವೇ ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗೆ ಕಳಿಸುವ ಕನ್ನಡದ ಗಾಯಕ ಗಾಯಕಿಯರಿಗಾಗಿ ಈ ಉತ್ತರಗಳು. ವಿಷಯ ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡಿದ್ದೇನೆ. ಧಾರವಾಡದ ಒಬ್ಬ ಗಾಯಕಿ, ಹೆಸರು ಕಾವ್ಯ ಎಂದಿಟ್ಟುಕೊಳ್ಳಿ. ಅವರ ಮೊದಲ ಹಾಡು ಕಳೆದ ವರ್ಷ ಬಂತು. ಅದು ತೆಲುಗಿನಲ್ಲಿ ಹಾಡುವ ಇನ್ನೊಬ್ಬ ಕಾವ್ಯರ ಪುಟದಲ್ಲಿ ಹೋಗಿ ಕೂತಿದೆ. ಈಗ ಅಕ್ಕಮಹಾದೇವಿಯ ಒಂದು ವಚನಕ್ಕೆ ತಾವೇ ರಾಗ ಹಾಕಿದ್ದಾರೆ. ಅದನ್ನು 2026ರ ರಾಜ್ಯೋತ್ಸವದ ಹೊತ್ತಿಗೆ ಹೊರತರಬೇಕು.

ಡಿಸ್ಟ್ರಿಬ್ಯೂಟರ್ ಯಾಕೆ ಬೇಕು? ನಾನೇ ನೇರವಾಗಿ ಹಾಕೋಕೆ ಆಗಲ್ವಾ?

ಯೂಟ್ಯೂಬ್‌ಗೆ ವಿಡಿಯೊ ಹಾಕಿದ ಹಾಗೆ ಸ್ಪಾಟಿಫೈಗೆ ಹಾಡು ಹಾಕಲು ಆಗುವುದಿಲ್ಲ. 2018ರಲ್ಲಿ ಸ್ಪಾಟಿಫೈ ಕೆಲವು ಕಲಾವಿದರಿಗೆ ನೇರವಾಗಿ ಹಾಕಲು ಅವಕಾಶ ಕೊಟ್ಟು ನೋಡಿತ್ತು. 2019ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಹಾಗಾಗಿ ನಡುವೆ ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಥರದ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕೇ ಬೇಕು.

ಅವರು ಮಾಡುವ ಕೆಲಸ ಏನು? ನಿಮ್ಮ ಆಡಿಯೊ ಫೈಲು, ಕವರ್ ಚಿತ್ರ, ಜೊತೆಗೆ ಹಾಡಿನ ವಿವರ ಇರುವ ಒಂದು ಫೈಲು, ಇಷ್ಟನ್ನು ಪ್ರತಿ ಆ್ಯಪ್‌ಗೂ ಕಳಿಸುತ್ತಾರೆ. ಬಂದ ದುಡ್ಡನ್ನು ನಿಮ್ಮ ಖಾತೆಗೆ ಹಾಕುತ್ತಾರೆ. ಕೆಲವರು ವರ್ಷಕ್ಕಿಷ್ಟು ಅಂತ ತೆಗೆದುಕೊಳ್ಳುತ್ತಾರೆ. ಕೆಲವರು ಒಂದು ಸಲ ದುಡ್ಡು ತೆಗೆದುಕೊಂಡು, ಆಮೇಲೆ ಗಳಿಕೆಯಲ್ಲಿ ಪಾಲು ಇಟ್ಟುಕೊಳ್ಳುತ್ತಾರೆ. ವರ್ಷ ವರ್ಷ ಕಟ್ಟುವ ಕಡೆ ಕಟ್ಟುವುದು ನಿಲ್ಲಿಸಿದರೆ ಹಾಡು ಕೆಳಗಿಳಿಯಬಹುದು. ಇದನ್ನು ಮೊದಲೇ ಓದಿಕೊಳ್ಳಿ.

ಎಲ್ಲರೂ ದರ ಹೋಲಿಸುತ್ತಾ ಕೂರುತ್ತಾರೆ. ನಾನು ಮೊದಲು ಬೇರೆ ಎರಡು ವಿಷಯ ನೋಡುತ್ತೇನೆ. ಹಾಡು ಹಾಕುವಾಗ ಕಲಾವಿದರ ಪುಟ ಯಾವುದು ಎಂದು ಅವರ ಫಾರ್ಮ್ ಕೇಳುತ್ತದೆಯೇ? ತೊಂದರೆ ಬಂದಾಗ ಸಪೋರ್ಟ್‌ಗೆ ಬರೆದರೆ ಮನುಷ್ಯರು ಉತ್ತರ ಕೊಡುತ್ತಾರೆಯೇ? ಸೇರುವ ಮೊದಲೇ ಒಂದು ಸಣ್ಣ ಪ್ರಶ್ನೆ ಬರೆದು ನೋಡಿ. ಉತ್ತರ ಬರಲು ಎಷ್ಟು ದಿನ ಹಿಡಿಯಿತು ಎನ್ನುವುದೇ ಅವರ ಬಗ್ಗೆ ತುಂಬಾ ಹೇಳುತ್ತದೆ.

ನನ್ನ ಹಾಡು ಬೇರೆಯವರ ಪುಟಕ್ಕೆ ಹೋಗಿದ್ದು ಹೇಗೆ? ಯಾರಾದರೂ ಬೇಕಂತಲೇ ಮಾಡಿದ್ರಾ?

ಬಹುತೇಕ ಇಲ್ಲ. ಪ್ರತಿ ಆ್ಯಪ್‌ನಲ್ಲೂ ಪ್ರತಿ ಕಲಾವಿದರಿಗೆ ಒಂದು ಐಡಿ ಇರುತ್ತದೆ. ಸ್ಪಾಟಿಫೈನಲ್ಲಿ ಅದು 22 ಅಕ್ಷರ ಮತ್ತು ಅಂಕಿಗಳ ಸಾಲು. ಆಪಲ್ ಮ್ಯೂಸಿಕ್‌ನಲ್ಲಿ ಬರೀ ಅಂಕಿಗಳು. ಡಿಸ್ಟ್ರಿಬ್ಯೂಟರ್ ಕಳಿಸುವ ವಿವರದಲ್ಲಿ ಈ ಐಡಿ ಇದ್ದರೆ ಹಾಡು ನೇರವಾಗಿ ಆ ಪುಟಕ್ಕೆ ಹೋಗುತ್ತದೆ. ಐಡಿ ಇಲ್ಲದಿದ್ದರೆ ಉಳಿಯುವುದು ಹೆಸರು ಮಾತ್ರ. ಆಗ ಅದೇ ಹೆಸರಿನ, ಮೊದಲೇ ಇರುವ ಪುಟಕ್ಕೆ ಹಾಡು ಅಂಟಿಕೊಳ್ಳುವ ಸಾಧ್ಯತೆ ದೊಡ್ಡದು.

ನಮ್ಮ ಉದಾಹರಣೆಯ ಕಾವ್ಯ ಮೊದಲ ಹಾಡು ಹಾಕಿದಾಗ ಫಾರ್ಮ್ ಒಂದು ಪ್ರಶ್ನೆ ಕೇಳಿತ್ತು. ಈ ಹೆಸರಿನ ಕಲಾವಿದರು ಈಗಾಗಲೇ ಇದ್ದಾರೆ, ಇದು ನೀವೇನಾ, ಅಥವಾ ಹೊಸ ಪುಟ ಬೇಕಾ ಎಂದು. ಅವರು ಅದನ್ನು ಖಾಲಿ ಬಿಟ್ಟು ಮುಂದೆ ಹೋದರು. ಇಂಥ ಪ್ರಕರಣಗಳಲ್ಲಿ ನಾನು ನೋಡುವ ಅತಿ ಸಾಮಾನ್ಯ ಕಾರಣ ಇದೇ. ಅವಸರದಲ್ಲಿ ಪಟ್ಟಿಯ ಮೊದಲ ಹೆಸರನ್ನು ಒತ್ತಿಬಿಡುವುದು ಎರಡನೆಯದು. ಕಾವ್ಯ, ದಿವ್ಯ, ಸಂಜಯ್, ರಘು ಥರದ ಒಂದೇ ಪದದ ಹೆಸರುಗಳು ದಕ್ಷಿಣದ ನಾಲ್ಕೂ ಭಾಷೆಗಳಲ್ಲಿ, ಹಿಂದಿಯಲ್ಲೂ ಇವೆ. ಅವರಿಗೆ ಈ ಅಪಾಯ ಜಾಸ್ತಿ.

ಕಲೆತುಹೋಗಿದೆ ಅಂತ ಬೇಗ ಗೊತ್ತಾಗೋದು ಹೇಗೆ?

ಹಾಡು ಹೊರಬರುವ ಮೊದಲೇ ತಿಳಿಯಬಹುದು. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಎನ್ನುವುದು ಕಲಾವಿದರ ಉಚಿತ ಖಾತೆ. ಅದರಲ್ಲಿ Music ಒಳಗೆ Upcoming ಎಂಬ ಭಾಗ ಇದೆ. ಡಿಸ್ಟ್ರಿಬ್ಯೂಟರ್ ಹಾಡನ್ನು ಕಳಿಸಿದ ಕೆಲವು ದಿನಗಳಲ್ಲಿ, ಬಿಡುಗಡೆಯಾಗದ ಹಾಡು ಅಲ್ಲಿ ಕಾಣಬೇಕು. ಕಂಡರೆ ಅದು ನಿಮ್ಮ ಪುಟಕ್ಕೇ ಬರುತ್ತಿದೆ ಎಂದರ್ಥ. ಡಿಸ್ಟ್ರಿಬ್ಯೂಟರ್ ‘ಕಳಿಸಿ ಆಯಿತು’ ಎನ್ನುತ್ತಿದ್ದಾರೆ, ಆದರೆ ವಾರವಾದರೂ Upcoming ಖಾಲಿ ಇದೆ ಎಂದರೆ ಅನುಮಾನಪಡಿ. ಅದು ಬೇರೆ ಪುಟದ Upcomingನಲ್ಲಿ ಇರಬಹುದು.

ಬಿಡುಗಡೆ ಆದಮೇಲಾದರೆ ಗುರುತುಗಳು ಸುಲಭ. ಹಾಡಿನ ಕೆಳಗೆ ಇರುವ ನಿಮ್ಮ ಹೆಸರನ್ನು ಒತ್ತಿ. ಬೇರೆ ಮುಖ, ಬೇರೆ ಹಾಡುಗಳು ತೆರೆದುಕೊಂಡರೆ ಗೊತ್ತಾಯಿತು. ಉಲ್ಟಾ ಪ್ರಕರಣವೂ ಇದೆ. ನಿಮ್ಮ ಮಾಸಿಕ ಕೇಳುಗರ ಸಂಖ್ಯೆ ಇದ್ದಕ್ಕಿದ್ದಂತೆ ಏರುತ್ತದೆ, ಕೇಳುಗರ ಊರು ನೋಡಿದರೆ ನಿಮಗೆ ಸಂಬಂಧವೇ ಇಲ್ಲದ ಜಾಗಗಳು. ಖುಷಿಪಡುವ ಮೊದಲು ನಿಮ್ಮ ಪುಟದಲ್ಲಿ ಬೇರೆ ಯಾರದ್ದಾದರೂ ಹಾಡು ಬಂದಿದೆಯೇ ನೋಡಿ.

ತಪ್ಪು ಪುಟದಲ್ಲಿ ಇರುವಷ್ಟು ದಿನ ದುಡ್ಡು ಆ ಇನ್ನೊಬ್ಬರಿಗೆ ಹೋಗುತ್ತಾ?

ಇಲ್ಲ. ಈ ಭಯ ಎಲ್ಲರಿಗೂ ಇರುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ದುಡ್ಡು ಪುಟದ ಹಿಂದೆ ಹೋಗುವುದಿಲ್ಲ, ಹಾಡನ್ನು ಕಳಿಸಿದ ಡಿಸ್ಟ್ರಿಬ್ಯೂಟರ್ ಖಾತೆಯ ಹಿಂದೆ ಹೋಗುತ್ತದೆ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಗುರುತು ಇರುತ್ತದೆ. ಲೆಕ್ಕ ನಡೆಯುವುದು ಅದರ ಮೇಲೆ. ನಿಮ್ಮ ಡಿಸ್ಟ್ರಿಬ್ಯೂಟರ್ ಖಾತೆಯ ವರದಿಯಲ್ಲಿ ಆ ಹಾಡಿನ ಸಾಲು ಬರುತ್ತಿದ್ದರೆ ದುಡ್ಡಿನ ದಾರಿ ಸರಿಯಿದೆ. ಇನ್ನೊಂದು ಮಾತು: 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ದುಡ್ಡು ಬರುವುದಿಲ್ಲ. ವರದಿಯಲ್ಲಿ ಸೊನ್ನೆ ಕಂಡರೆ ಅದು ಯಾರೋ ಕದ್ದದ್ದಲ್ಲ, ಈ ನಿಯಮ ಇರಬಹುದು.

ನಷ್ಟ ಆಗುವುದು ಬೇರೆ ಕಡೆ. ಹೊಸ ಹಾಡು ಬಂದಾಗ ಸ್ಪಾಟಿಫೈ ಅದನ್ನು ಆ ಪುಟವನ್ನು ಫಾಲೋ ಮಾಡುವವರ ರಿಲೀಸ್ ರಾಡಾರ್ ಎಂಬ ಪಟ್ಟಿಗೆ ಹಾಕುತ್ತದೆ. ಕಾವ್ಯರ ಕನ್ನಡ ಹಾಡು ತೆಲುಗಿನ ಕಾವ್ಯರ ಅಭಿಮಾನಿಗಳಿಗೆ ಹೋಯಿತು. ಅವರು ಹತ್ತು ಸೆಕೆಂಡು ಕೇಳಿ ಮುಂದೆ ಹೋದರು. ಹಾಡು ಯಾರಿಗೆ ಇಷ್ಟ ಎಂದು ಆ್ಯಪ್ ಕಲಿಯುವುದೇ ಇಂಥ ನಡವಳಿಕೆಯಿಂದ. ಜೊತೆಗೆ, ಹಾಡು ಇಷ್ಟವಾಗಿ ಫಾಲೋ ಒತ್ತಿದ ನಿಮ್ಮ ಕೇಳುಗರು ಸೇರಿದ್ದು ಆ ಇನ್ನೊಬ್ಬರ ಪುಟಕ್ಕೆ. ಆಮೇಲೆ ಹಾಡು ನಿಮ್ಮ ಪುಟಕ್ಕೆ ಬಂದರೂ ಆ ಫಾಲೋವರ್‌ಗಳು ಹಿಂದೆ ಬರುವುದಿಲ್ಲ.

ಹಳೆಯ ಹಾಡನ್ನು ಸರಿಯಾದ ಪುಟಕ್ಕೆ ತರುವುದು ಹೇಗೆ? ಹಂತ ಹಂತವಾಗಿ ಹೇಳಿ.

ಕಾವ್ಯರ ಪ್ರಕರಣವನ್ನೇ ತೆಗೆದುಕೊಳ್ಳೋಣ. ಅವರಿಗೆ ಸ್ವಂತ ಪುಟವೇ ಇಲ್ಲ. ಇರುವ ಒಂದೇ ಹಾಡು ಬೇರೆಯವರ ಬಳಿ ಇದೆ. ಹೀಗಾಗಿ ಹಾಡು ಜಾಗ ಬದಲಿಸಬೇಕು, ಅದಕ್ಕೆ ಹೊಸ ಪುಟವೂ ಹುಟ್ಟಬೇಕು.

ಮೊದಲು ಮಾಹಿತಿ ಕೂಡಿಸಿ. ಡಿಸ್ಟ್ರಿಬ್ಯೂಟರ್ ಖಾತೆಯಲ್ಲಿ ಆ ಬಿಡುಗಡೆಯನ್ನು ತೆರೆದರೆ ಯುಪಿಸಿ ಮತ್ತು ಐಎಸ್‌ಆರ್‌ಸಿ ಸಿಗುತ್ತವೆ. ಯುಪಿಸಿ ಇಡೀ ಬಿಡುಗಡೆಯ ಸಂಖ್ಯೆ, ಐಎಸ್‌ಆರ್‌ಸಿ ಒಂದು ಹಾಡಿನದು. ಆಮೇಲೆ ಸ್ಪಾಟಿಫೈನಲ್ಲಿ ಹಾಡಿನ ಆಲ್ಬಮ್ ಪುಟದ ಲಿಂಕು, ತಪ್ಪು ಕಲಾವಿದರ ಪುಟದ ಲಿಂಕು ಎರಡನ್ನೂ ಕಾಪಿ ಮಾಡಿ. ಲಿಂಕಿನ ಕೊನೆಯಲ್ಲಿ `?si=` ಎಂದು ಶುರುವಾಗುವ ಬಾಲ ಇರುತ್ತದೆ. ಅದನ್ನು ತೆಗೆದುಹಾಕಿ, ಐಡಿ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಡಿಸ್ಟ್ರಿಬ್ಯೂಟರ್‌ಗೆ ಬರೆಯಿರಿ. ಉದ್ದದ ಕಥೆ ಬೇಡ. ಓದುವವರು ದಿನಕ್ಕೆ ಎಷ್ಟೋ ಪತ್ರ ನೋಡುತ್ತಾರೆ. ಅವರಿಗೆ ಬೇಕಾದ್ದು ಇಷ್ಟೇ:

```
Song is on the wrong artist page (Spotify)
UPC:
ISRC:
Release: https://open.spotify.com/album/...
Wrong page: https://open.spotify.com/artist/...
Correct page: none yet, please create a new page
```

ಈಗಾಗಲೇ ನಿಮ್ಮ ಪುಟ ಇದ್ದರೆ ಕೊನೆಯ ಸಾಲಿನಲ್ಲಿ ಅದರ ಲಿಂಕು ಹಾಕಿ. ಡಿಸ್ಟ್ರಿಬ್ಯೂಟರ್ ತಾವು ಕಳಿಸಿದ ವಿವರವನ್ನೇ ತಿದ್ದಿ ಮತ್ತೆ ಕಳಿಸಬಲ್ಲರು. ಮೊದಲು ಅವರಿಗೇ ಬರೆಯಬೇಕು ಎನ್ನುವುದು ಅದಕ್ಕೇ. ಅವರ ಕಡೆ ವಿವರ ತಪ್ಪಾಗಿಯೇ ಉಳಿದರೆ, ಸ್ಪಾಟಿಫೈ ಕಡೆಯಿಂದ ಸರಿಮಾಡಿಸಿದ್ದು ಮುಂದಿನ ಸಲ ಅವರು ಏನಾದರೂ ತಿದ್ದಿ ಕಳಿಸಿದಾಗ ಮತ್ತೆ ಕೆಡಬಹುದು.

ಅವರಿಂದ ಉತ್ತರ ಬಾರದಿದ್ದರೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನ ಸಹಾಯ ಪುಟಕ್ಕೆ ಹೋಗಿ. ಹಾಡು ತಪ್ಪು ಪ್ರೊಫೈಲ್‌ನಲ್ಲಿದೆ ಎಂದು ತಿಳಿಸುವ ಫಾರ್ಮ್ ಅಲ್ಲಿದೆ. ನನ್ನ ಹಾಡು ಬೇರೆ ಪುಟದಲ್ಲಿದೆಯೇ, ಬೇರೆಯವರ ಹಾಡು ನನ್ನ ಪುಟದಲ್ಲಿದೆಯೇ ಎಂಬುದನ್ನು ಆರಿಸಿ, ಅದೇ ಲಿಂಕುಗಳನ್ನು ಕೊಡಿ. ಒಂದೇ ವಿಷಯಕ್ಕೆ ದಿನಕ್ಕೊಂದು ದೂರು ಹಾಕಬೇಡಿ. ಹೊಸ ದೂರು ಹೊಸ ಸಾಲಿಗೆ ಸೇರುತ್ತದೆ, ಕೆಲಸ ಬೇಗ ಆಗುವುದಿಲ್ಲ. ಹಳೆಯ ದೂರಿಗೇ ಉತ್ತರವಾಗಿ ನೆನಪಿಸಿ.

ಹಾಡು ಹೊಸ ಪುಟಕ್ಕೆ ಬಂದ ದಿನವೇ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಆ ಪುಟ ನಿಮ್ಮದು ಎಂದು ಅರ್ಜಿ ಹಾಕಿ, ಫೋಟೊ ಮತ್ತು ಪರಿಚಯ ಹಾಕಿ. ಮುಖವಿಲ್ಲದ ಖಾಲಿ ಪುಟವಿದ್ದರೆ, ಅದೇ ಹೆಸರಿನ ಮೂರನೆಯವರು ಅದನ್ನು ತಮ್ಮದೆಂದು ಆರಿಸಿಕೊಳ್ಳುವುದು ಸುಲಭ.

ಇಷ್ಟೆಲ್ಲಾ ಯಾಕೆ? ಹಾಡನ್ನು ಅಳಿಸಿ ಮತ್ತೆ ಹಾಕಿದರೆ ಆಗಲ್ವಾ?

ದಯವಿಟ್ಟು ಬೇಡ. ಪುಟ ಬದಲಾಯಿಸಿದಾಗ ಹಾಡು ಅದೇ ಹಾಡಾಗಿ ಉಳಿಯುತ್ತದೆ. ಕೇಳಿದ ಸಂಖ್ಯೆ, ಜನರ ಪ್ಲೇಲಿಸ್ಟ್‌ಗಳಲ್ಲಿನ ಜಾಗ, ನೀವು ವಾಟ್ಸಾಪ್‌ನಲ್ಲಿ ಹಂಚಿದ ಲಿಂಕು ಎಲ್ಲವೂ ಹಾಗೇ ಇರುತ್ತವೆ. ಅಳಿಸಿದರೆ ಲಿಂಕುಗಳು ಸಾಯುತ್ತವೆ, ಪ್ಲೇಲಿಸ್ಟ್‌ಗಳಿಂದ ಹಾಡು ಮಾಯವಾಗುತ್ತದೆ. ಮತ್ತೆ ಹಾಕುವಾಗ ಐಡಿ ಕೊಡದಿದ್ದರೆ ಅದು ಮತ್ತೆ ಅದೇ ತಪ್ಪು ಪುಟಕ್ಕೇ ಹೋಗಿ ಕೂರುತ್ತದೆ.

ಡಿಸ್ಟ್ರಿಬ್ಯೂಟರ್ ಬದಲಿಸುವಂಥ ಕಾರಣಕ್ಕೆ ಮತ್ತೆ ಹಾಕಲೇಬೇಕಾದರೆ ಹಳೆಯ ಐಎಸ್‌ಆರ್‌ಸಿಯನ್ನೇ ಕೊಡಿ. ಆಡಿಯೊ ಫೈಲು, ಹಾಡಿನ ಹೆಸರು, ಕಲಾವಿದರ ಹೆಸರು ಎಲ್ಲವೂ ಅಕ್ಷರಶಃ ಹಳೆಯದರಂತೆ ಇರಲಿ. ಹೊಸದು ಆ್ಯಪ್‌ನಲ್ಲಿ ಕಂಡಮೇಲೆ ಹಳೆಯದನ್ನು ಇಳಿಸಿ. ಹಾಗಿದ್ದಾಗ ಕೇಳಿದ ಸಂಖ್ಯೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಸ್ಪಾಟಿಫೈನಲ್ಲಿ ಸರಿಯಾದರೆ ಆಪಲ್, ಯೂಟ್ಯೂಬ್‌ನಲ್ಲೂ ಸರಿಯಾಗುತ್ತಾ?

ಆಗುವುದಿಲ್ಲ. ಒಂದೊಂದರದ್ದೂ ಬೇರೆ ಐಡಿ, ಬೇರೆ ಪುಟ. ಆಪಲ್ ಮ್ಯೂಸಿಕ್‌ನಲ್ಲಿ ಕಲಾವಿದರ ಲಿಂಕಿನ ಕೊನೆಯಲ್ಲಿ ಬರುವ ಅಂಕಿಯೇ ಐಡಿ. ಡಿಸ್ಟ್ರಿಬ್ಯೂಟರ್‌ಗೆ ಅದೇ ಥರದ ಇನ್ನೊಂದು ಪತ್ರ ಬೇಕು.

ಯೂಟ್ಯೂಬ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕಳಿಸಿದ ಹಾಡುಗಳು ಹೆಸರಿನ ಕೊನೆಯಲ್ಲಿ `- Topic` ಎಂದಿರುವ ಚಾನೆಲ್‌ಗೆ ಹೋಗುತ್ತವೆ. ಅದನ್ನು ಯೂಟ್ಯೂಬ್ ತಾನೇ ಮಾಡುತ್ತದೆ. ನಿಮ್ಮ ಸ್ವಂತ ಚಾನೆಲ್ ಮತ್ತು ಈ ಚಾನೆಲ್ ಸೇರಿ ಒಂದು ಅಧಿಕೃತ ಕಲಾವಿದರ ಚಾನೆಲ್ ಆಗಬೇಕು ಎಂದು ಡಿಸ್ಟ್ರಿಬ್ಯೂಟರ್ ಮೂಲಕ ಕೇಳಬಹುದು. ಆದರೆ ಅವಸರಪಡಬೇಡಿ. ಅಲ್ಲಿ ಬೇರೆಯವರ ಹಾಡುಗಳು ಇದ್ದರೆ ಮೊದಲು ಅವನ್ನು ಬೇರೆ ಮಾಡಿಸಿ. ಇಲ್ಲದಿದ್ದರೆ ಅವರ ಹಾಡುಗಳೂ ನಿಮ್ಮ ಚಾನೆಲ್‌ನಲ್ಲೇ ಕಾಣಿಸಿಕೊಳ್ಳಬಹುದು.

ಬೇರೆಯವರ ಹಾಡು ನನ್ನ ಪುಟದಲ್ಲಿ ಬಂದಿದೆ. ಕಾಪಿರೈಟ್ ದೂರು ಕೊಡಲಾ?

ಕೊಡಬೇಡಿ. ಕಾಪಿರೈಟ್ ದೂರು ಎಂದರೆ ಅವರು ನಿಮ್ಮ ಹಾಡನ್ನು ಕದ್ದಿದ್ದಾರೆ ಎಂದು ಹೇಳಿದ ಹಾಗೆ. ಅವರು ತಮ್ಮ ಹಾಡನ್ನು ತಾವೇ ಹಾಕಿದ್ದಾರೆ, ಪುಟ ಮಾತ್ರ ತಪ್ಪಾಗಿದೆ. ನಿಮ್ಮ ದೂರಿನಿಂದ ಅವರ ಹಾಡು ಎಲ್ಲ ಕಡೆಯಿಂದ ಇಳಿಯಬಹುದು, ಅವರ ಖಾತೆಗೂ ಪೆಟ್ಟು ಬೀಳಬಹುದು. ಅವರೂ ನಿಮ್ಮ ಹಾಗೇ ಕಷ್ಟಪಟ್ಟು ಹಾಡು ಮಾಡಿದವರು. ಮೇಲೆ ಹೇಳಿದ ತಪ್ಪು ಪ್ರೊಫೈಲ್ ಫಾರ್ಮ್‌ನಲ್ಲೇ ತಿಳಿಸಿ. ಇನ್‌ಸ್ಟಾಗ್ರಾಂನಲ್ಲಿ ಅವರು ಸಿಕ್ಕರೆ ಒಂದು ಮಾತು ಬರೆಯುವುದೂ ಒಳ್ಳೆಯದು. ಎರಡೂ ಕಡೆಯಿಂದ ಒಂದೇ ಮಾತು ಬಂದರೆ ಸಪೋರ್ಟ್‌ನವರಿಗೆ ಅನುಮಾನ ಉಳಿಯುವುದಿಲ್ಲ.

ಬೇಕಂತಲೇ ನಿಮ್ಮ ಹೆಸರಲ್ಲಿ ನಕಲಿ ಹಾಡು ಹಾಕುವವರೂ ಇದ್ದಾರೆ. ನಿಮ್ಮ ದನಿ ಅಥವಾ ನಿಮ್ಮ ಫೋಟೊವನ್ನೇ ಬಳಸಿದ್ದರೆ ಆಗ ಅದು ಕಲಬೆರಕೆ ಅಲ್ಲ, ಮೋಸ. ಆಗ ಹಕ್ಕಿನ ದೂರು ಕೊಡುವುದೇ ಸರಿ.

ನನ್ನ ಹೆಸರನ್ನೇ ಬದಲಾಯಿಸಬೇಕಾ? ಕನ್ನಡ ಲಿಪಿಯಲ್ಲಿ ಬರೆದರೆ ಸರಿಹೋಗುತ್ತಾ?

ಒಂದೇ ಪದದ ಹೆಸರಿದ್ದರೆ, ಇನ್ನೂ ಒಂದೆರಡೇ ಹಾಡು ಬಂದಿದ್ದರೆ, ಊರನ್ನೋ ತಂದೆತಾಯಿಯ ಹೆಸರನ್ನೋ ಸೇರಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ನಮ್ಮಲ್ಲಿ ಊರಿನ ಹೆಸರು ಸೇರಿಸಿಕೊಂಡು ಹಾಡಿದವರ ಪರಂಪರೆಯೇ ಇದೆ. ಐಡಿ ಕೊಟ್ಟರೆ ಆ್ಯಪ್‌ಗೆ ಗೊಂದಲ ಇರುವುದಿಲ್ಲ, ನಿಜ. ಆದರೆ ಹುಡುಕುವ ಕೇಳುಗರಿಗೆ ಇಪ್ಪತ್ತು ಕಾವ್ಯರು ಕಾಣುತ್ತಾರೆ, ಅಲ್ವಾ? ಬದಲಿಸುವುದಾದರೆ ಎಲ್ಲ ಆ್ಯಪ್‌ಗಳಲ್ಲೂ ಡಿಸ್ಟ್ರಿಬ್ಯೂಟರ್ ಮೂಲಕವೇ ಬದಲಿಸಿ, ಹೊಸ ಹಾಡು ಕಳಿಸುವ ಮೊದಲೇ ಮುಗಿಸಿ.

ಲಿಪಿಯ ವಿಷಯದಲ್ಲಿ ಒಂದು ನಿರ್ಧಾರ ಮಾಡಿ, ಅದಕ್ಕೇ ಅಂಟಿಕೊಳ್ಳಿ. ಮೊದಲ ಹಾಡಿಗೆ `Kavya`, ಎರಡನೆಯದಕ್ಕೆ `Kaavya`, ಮೂರನೆಯದಕ್ಕೆ ಕನ್ನಡದಲ್ಲಿ ಕಾವ್ಯ ಎಂದು ಬರೆದರೆ, ಐಡಿ ಇಲ್ಲದಾಗ ಅವು ಮೂರು ಕಲಾವಿದರಾಗಿ ಒಡೆಯುತ್ತವೆ. ಇದು ಕಲೆತುಹೋಗುವುದರ ಉಲ್ಟಾ ರೋಗ, ನಮ್ಮ ಭಾಷೆಯ ಹೆಸರುಗಳಿಗೆ ತುಂಬಾ ಬರುತ್ತದೆ. ಚೈತ್ರ ಎನ್ನುವುದನ್ನು `Chaitra` ಎಂದೂ `Chaithra` ಎಂದೂ ಬರೆಯುತ್ತೇವೆ. ಹಾಡಿನ ಹೆಸರನ್ನು ಕನ್ನಡದಲ್ಲಿ ಇಡಲು ಡಿಸ್ಟ್ರಿಬ್ಯೂಟರ್ ಬಿಟ್ಟರೆ ಸಂತೋಷವಾಗಿ ಇಡಿ, ಭಾಷೆ ಎಂಬಲ್ಲಿ ಕನ್ನಡ ಆರಿಸಿ. ಕಲಾವಿದರ ಹೆಸರು ಮಾತ್ರ ಒಂದೇ ರೂಪದಲ್ಲಿರಲಿ. ವಿದುಷಿ, ಶ್ರೀಮತಿ ಥರದ ಬಿರುದುಗಳನ್ನು ಒಂದು ಹಾಡಿಗೆ ಹಾಕಿ ಇನ್ನೊಂದಕ್ಕೆ ಬಿಡಬೇಡಿ.

ಜೊತೆಗೆ ಹಾಡಿದವರು, ಕೊಳಲು ನುಡಿಸಿದವರು ಇದ್ದಾರೆ. ಅವರ ಹೆಸರು ಎಲ್ಲಿ?

ಒಬ್ಬೊಬ್ಬರಿಗೂ ಬೇರೆ ಬೇರೆ ಖಾನೆ. ಒಂದೇ ಖಾನೆಯಲ್ಲಿ ಇಬ್ಬರ ಹೆಸರನ್ನು ‘ಮತ್ತು’ ಹಾಕಿ ಸೇರಿಸಿದರೆ ಆ ಜೋಡಿ ಹೆಸರಿನ ಹೊಸ ಕಲಾವಿದರು ಹುಟ್ಟಿಬಿಡುತ್ತಾರೆ. ಜೊತೆ ಗಾಯಕರ ಐಡಿಯನ್ನೂ ಕೇಳಿ ಹಾಕಿ. ನಿಮ್ಮದು ಸರಿಯಾಗಿದ್ದು ಅವರದು ಖಾಲಿ ಬಿಟ್ಟರೆ ಅವರ ಹೆಸರು ಇನ್ಯಾರದೋ ಪುಟಕ್ಕೆ ಅಂಟುತ್ತದೆ.

ಬಿಡುಗಡೆ ದಿನಾಂಕ ಹೇಗೆ ಆರಿಸುವುದು? ರಾಜ್ಯೋತ್ಸವದ ದಿನವೇ ಬಿಡಬೇಕಾ?

2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಹಾಡುಗಳ ದಿನ ಶುಕ್ರವಾರ. ರಿಲೀಸ್ ರಾಡಾರ್ ಹೊಸದಾಗುವುದೂ ಶುಕ್ರವಾರವೇ. 2026ರ ನವೆಂಬರ್ 1 ಭಾನುವಾರ. ಹಾಗಾಗಿ ಕಾವ್ಯರಿಗೆ ಸರಿಹೊಂದುವ ದಿನ ಅಕ್ಟೋಬರ್ 30, ಶುಕ್ರವಾರ. ಭಾನುವಾರದ ಹೊತ್ತಿಗೆ ಹಾಡು ಎಲ್ಲ ಆ್ಯಪ್‌ಗಳಲ್ಲೂ ಕಾಣುತ್ತಿರುತ್ತದೆ, ಶಾಲೆಯವರು ಸಂಘದವರು ಹುಡುಕಿದರೆ ಸಿಗುತ್ತದೆ.

ಅಲ್ಲಿಂದ ಹಿಂದಕ್ಕೆ ಎಣಿಸೋಣ. ನಾಲ್ಕು ವಾರ ಹಿಂದೆ ಎಂದರೆ ಅಕ್ಟೋಬರ್ 2, ಗಾಂಧಿ ಜಯಂತಿ. ಅಂದಿಗೆ ಹಾಡು ಡಿಸ್ಟ್ರಿಬ್ಯೂಟರ್ ಕೈಗೆ ಸೇರಿರಬೇಕು. 9ರ ಹೊತ್ತಿಗೆ Upcomingನಲ್ಲಿ ಕಾಣಬೇಕು. ಕಾಣದಿದ್ದರೆ ಪತ್ರ ಬರೆದು ಸರಿಮಾಡಿಸಲು ಇನ್ನೂ ಮೂರು ವಾರ ಇರುತ್ತದೆ. ಆದರೆ ನಡುವೆ ದಸರಾ ಇದೆ, ಇಲ್ಲಿನ ಆಫೀಸುಗಳಲ್ಲಿ ಉತ್ತರ ತಡವಾಗಬಹುದು. ನಾಲ್ಕು ವಾರ ಪ್ರಚಾರಕ್ಕಾಗಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದರ ದೊಡ್ಡ ಲಾಭ ಇದೇ: ಹಾಡು ಯಾರ ಪುಟಕ್ಕೆ ಹೋಗುತ್ತಿದೆ ಎಂದು ನೋಡಿ ತಿದ್ದಲು ಸಮಯ ಸಿಗುತ್ತದೆ.

ಇನ್ನೊಂದು ಕ್ರಮ ತಪ್ಪಬಾರದು. ಹಳೆಯ ಹಾಡಿನ ಪುಟ ಸರಿಯಾದ ಮೇಲೆಯೇ ಹೊಸ ಹಾಡು ಕಳಿಸಿ. ಹೊಸ ಪುಟದ ಐಡಿ ಹುಟ್ಟದೆ ಹೊಸ ಹಾಡಿಗೆ ಯಾವ ಐಡಿ ಕೊಡುತ್ತೀರಿ? ಅದಕ್ಕೇ ಕಾವ್ಯ ಆ ಪತ್ರವನ್ನು ಸೆಪ್ಟೆಂಬರ್ ಶುರುವಿನಲ್ಲೇ ಬರೆಯಬೇಕು.

ಪಿಚ್ ಮಾಡುವುದು ಅಂದರೇನು? ಎಷ್ಟು ದಿನ ಮುಂಚೆ?

ಸ್ಪಾಟಿಫೈನ ಸಂಪಾದಕರು ನಡೆಸುವ ಪ್ಲೇಲಿಸ್ಟ್‌ಗಳಿಗೆ ನಿಮ್ಮ ಹಾಡನ್ನು ಪರಿಗಣಿಸಿ ಎಂದು ಕೇಳುವುದೇ ಪಿಚ್. ಅದು ಉಚಿತ, Upcomingನಿಂದಲೇ ಮಾಡಬೇಕು. ಬಿಡುಗಡೆ ಆದ ಹಾಡನ್ನು ಪಿಚ್ ಮಾಡಲು ಆಗುವುದಿಲ್ಲ. ಕನಿಷ್ಠ 7 ದಿನ ಮುಂಚೆ ಪಿಚ್ ಮಾಡಿದರೆ, ಸಂಪಾದಕರು ಆರಿಸದಿದ್ದರೂ ನಿಮ್ಮ ಫಾಲೋವರ್‌ಗಳ ರಿಲೀಸ್ ರಾಡಾರ್‌ಗೆ ಹಾಡು ಹೋಗುತ್ತದೆ. ಕಾವ್ಯರಿಗೆ ಕೊನೆಯ ದಿನ ಅಕ್ಟೋಬರ್ 23. ನಾನಾದರೆ 16ಕ್ಕೇ ಮುಗಿಸುತ್ತೇನೆ.

ಹಾಡು ತಪ್ಪು ಪುಟದಲ್ಲಿದ್ದರೆ ಅದು ನಿಮ್ಮ Upcomingನಲ್ಲಿ ಇರುವುದೇ ಇಲ್ಲ. ಅಂದರೆ ಪಿಚ್ ಮಾಡುವ ದಾರಿಯೇ ಮುಚ್ಚಿರುತ್ತದೆ. ಪುಟದ ಗೊಂದಲ ಮತ್ತು ದಿನಾಂಕ ಒಂದಕ್ಕೊಂದು ಗಂಟು ಬೀಳುವುದು ಇಲ್ಲೇ.

ವಿವರಣೆಗೆ 500 ಅಕ್ಷರ ಸಿಗುತ್ತದೆ. ‘ತುಂಬಾ ಇಂಪಾದ ಹಾಡು’ ಎಂದು ಬರೆದು ಅದನ್ನು ಕಳೆಯಬೇಡಿ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯ ವಚನ, ಯಾವ ರಾಗದ ನೆರಳು, ಯಾವ ವಾದ್ಯ, ಯಾರಿಗಾಗಿ, ರಾಜ್ಯೋತ್ಸವಕ್ಕೆ ಎಲ್ಲೆಲ್ಲಿ ಹಾಡುತ್ತಿದ್ದೀರಿ, ಇಂಥದ್ದು ಬರೆಯಿರಿ. ದುಡ್ಡು ಕೊಟ್ಟರೆ ಪ್ಲೇಲಿಸ್ಟ್‌ಗೆ ಸೇರಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ನಕಲಿ ಕೇಳುಗರು ಬಂದರೆ ಹಾಡೇ ಇಳಿಯಬಹುದು.

ಹೊರದೇಶದ ಕನ್ನಡಿಗರಿಗೆ ಹಾಡು ಯಾವಾಗ ಸಿಗುತ್ತದೆ?

ಬೇರೆ ಸಮಯ ಆರಿಸದಿದ್ದರೆ ಸಾಮಾನ್ಯವಾಗಿ ಆಯಾ ದೇಶದ ಮಧ್ಯರಾತ್ರಿಗೆ. ಅಕ್ಟೋಬರ್ 30ರ ಬಿಡುಗಡೆಯಾದರೆ ಸಿಡ್ನಿಯವರಿಗೆ ನಮ್ಮ ಗುರುವಾರ ಸಂಜೆ ಆರೂವರೆಗೇ ಸಿಗುತ್ತದೆ. ಕ್ಯಾಲಿಫೋರ್ನಿಯಾದವರಿಗೆ ನಮ್ಮ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ. ಅಲ್ಲಿನ ಕನ್ನಡ ಸಂಘದವರಿಗೆ ಲಿಂಕು ಕಳಿಸುವಾಗ ಇದನ್ನು ಹೇಳಿಬಿಡಿ, ಇಲ್ಲದಿದ್ದರೆ ‘ತೆರೀತಾ ಇಲ್ಲ’ ಎಂಬ ಸಂದೇಶ ಬರುತ್ತದೆ.

ಬೇಂದ್ರೆಯವರ ಕವಿತೆ ಹಾಡಿ ಬಿಡಬಹುದಾ?

ಅನುಮತಿ ಇಲ್ಲದೆ ಬೇಡ. ಭಾರತದಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ವಚನಗಳ ಮತ್ತು ದಾಸರ ಪದಗಳ ಸಾಹಿತ್ಯ ಎಲ್ಲರದ್ದು. ಆದರೆ ಅದಕ್ಕೆ ಈಚೆಗೆ ಯಾರಾದರೂ ಹಾಕಿದ ಧಾಟಿ ಎಲ್ಲರದ್ದಲ್ಲ.

ಒಂದು ವಾರ ಉಳಿದಿದೆ, ಹಾಡು ಇನ್ನೂ ತಪ್ಪು ಪುಟದಲ್ಲೇ ಇದೆ. ಏನು ಮಾಡಲಿ?

ಮುಂದೂಡಿ. ಬೇಜಾರಾಗುತ್ತದೆ, ಪೋಸ್ಟರ್ ಹಂಚಿ ಆಗಿರುತ್ತದೆ, ಆದರೂ ಮುಂದೂಡಿ. ಹಾಡಿಗೆ ಬಿಡುಗಡೆಯ ಮೊದಲ ದಿನ ಒಂದೇ ಸಲ ಬರುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮಗಳು ನಮ್ಮಲ್ಲಿ ನವೆಂಬರ್ ಪೂರ್ತಿ ನಡೆಯುತ್ತವೆ. ನವೆಂಬರ್ 13ರ ಶುಕ್ರವಾರಕ್ಕೆ ಹಾಕಿದರೂ ಹಾಡು ಹಳತಾಗುವುದಿಲ್ಲ.

ದಿನಾಂಕ ಬದಲಿಸುವುದು ಡಿಸ್ಟ್ರಿಬ್ಯೂಟರ್ ಖಾತೆಯಿಂದ. ಕೊನೆಯ ಎರಡು ಮೂರು ದಿನಗಳಲ್ಲಿ ಬದಲಿಸಿದರೆ ಕೆಲವು ಆ್ಯಪ್‌ಗಳಿಗೆ ಸುದ್ದಿ ತಲುಪದೆ ಹಳೆಯ ದಿನವೇ ಹಾಡು ಹೊರಬರಬಹುದು. ಅದಕ್ಕೇ ವಾರ ಇರುವಾಗಲೇ ನಿರ್ಧರಿಸಿ. ಬದಲಿಸಿದ ಮೇಲೆ Upcomingನಲ್ಲಿ ಹೊಸ ದಿನಾಂಕ ಬಂದಿದೆಯೇ, ಪಿಚ್ ಹಾಗೇ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಮತ್ತೆ ಪಿಚ್ ಮಾಡಿ.

ಈಗಾಗಲೇ ಹೊರಬಂದ ಹಾಡಿಗೆ ಈ ದಾರಿ ಇಲ್ಲ. ಆಗ ಪುಟ ಸರಿಯಾಗುವವರೆಗೆ ಜನರಿಗೆ ಕಲಾವಿದರ ಪುಟದ ಲಿಂಕು ಕಳಿಸಬೇಡಿ, ಹಾಡಿನ ಲಿಂಕು ಮಾತ್ರ ಕಳಿಸಿ. ಹಾಡು ಪುಟ ಬದಲಿಸಿದರೂ ಆ ಲಿಂಕು ಕೆಲಸ ಮಾಡುತ್ತಲೇ ಇರುತ್ತದೆ. ಫಾಲೋ ಮಾಡಿ ಎಂದು ಕೇಳುವುದನ್ನು ಸ್ವಂತ ಪುಟ ಸಿಕ್ಕ ದಿನಕ್ಕೆ ಉಳಿಸಿಕೊಳ್ಳಿ.